ಗೇಟ್ ಕಾಯುವವರ ಸಂಬಳದ ಲೆಕ್ಕ: ಕನಿಷ್ಠ ವೇತನ ಎಷ್ಟು ಅಂತ ಹುಡುಕುವುದು, ಕಡಿಮೆ ಕೊಟ್ಟರೆ ವಸೂಲಿ ಮಾಡುವುದು ಹೇಗೆ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಅಣ್ಣ ಒಬ್ಬರಿದ್ದಾರೆ. ರಾಯಚೂರು ಕಡೆಯವರು. ಒಂದಿನ ಫೋನ್ ತೆಗೆದು ನನ್ನ ಮುಂದೆ ಹಿಡಿದರು. "ಸರ್, ಹದಿನಾರು ಸಾವಿರ ಅಂತ ಹೇಳಿ ಸೇರಿಸ್ಕೊಂಡ್ರು. ಬ್ಯಾಂಕಿಗೆ ಬೀಳೋದು ಹನ್ನೊಂದು ಸಾವಿರದ ಚಿಲ್ಲರೆ. ಉಳಿದಿದ್ದು ಎಲ್ಲಿ ಹೋಯ್ತು ನೋಡ್ರಿ ಸ್ವಲ್ಪ."

ಏಜೆನ್ಸಿ ವಾಟ್ಸಾಪ್‌ನಲ್ಲಿ ಕಳಿಸಿದ್ದ ಸಂಬಳದ ಚೀಟಿ ಅದು. ಅದರಲ್ಲಿ ಇದ್ದದ್ದು ಇಷ್ಟು: ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000. ಮಾಲೀಕರ ಪಾಲಿನ ಪಿಎಫ್ 1,560. ಬೋನಸ್ 1,083. ಯೂನಿಫಾರ್ಮ್ 357. ಒಟ್ಟು 16,000 ರೂಪಾಯಿ. ಕೆಳಗೆ ಕಡಿತದ ಪಟ್ಟಿ: ನೌಕರರ ಪಿಎಫ್ 1,560, ಇಎಸ್‌ಐ 98. ಬೋನಸ್ಸು ವರ್ಷಕ್ಕೊಮ್ಮೆ, ಯೂನಿಫಾರ್ಮ್ ದುಡ್ಡು ಏಜೆನ್ಸಿಯಲ್ಲೇ ಜಮಾ. ಹಾಗಾಗಿ ಕೈಗೆ ಸಿಕ್ಕಿದ್ದು 11,342.

ಈ ಒಂದು ಚೀಟಿಯನ್ನೇ ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಗಾರ್ಡ್ ಆಗಿರಲಿ, ಹೌಸ್‌ಕೀಪಿಂಗ್ ಆಗಿರಲಿ, ಗಾರ್ಮೆಂಟ್ಸ್ ಆಗಿರಲಿ, ಲೆಕ್ಕ ಮಾಡುವ ದಾರಿ ಒಂದೇ.

ಮೊದಲು, ಈಗ ಯಾವ ಕಾನೂನು ನಡೀತಿದೆ

ಕನಿಷ್ಠ ವೇತನ ಅಂದ ಕೂಡಲೇ ಎಲ್ಲರೂ 1948ರ ಕಾಯ್ದೆಯ ಹೆಸರು ಹೇಳುತ್ತಾರೆ. ಆ ಕಾಯ್ದೆ ಈಗ ಇಲ್ಲ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ವೇತನ ಸಂಹಿತೆ 2019 ಬಂದಿದೆ. ಅರ್ಜಿ ಬರೆಯುವಾಗ ಹಳೇ ಕಾಯ್ದೆಯ ಕಲಂ ಹಾಕಿದರೆ ಎದುರು ಪಕ್ಷದ ವಕೀಲರು ಮೊದಲ ದಿನವೇ ಅದನ್ನೇ ಎತ್ತುತ್ತಾರೆ. ಸುಮ್ನೆ ಒಂದು ದಿನಾಂಕ ಹಾಳು.

ಹಾಗಂತ ಹಳೇ ಕಾಯ್ದೆಯ ಕೆಳಗೆ ಸರ್ಕಾರ ಹೊರಡಿಸಿದ್ದ ದರಗಳು ಬಿದ್ದುಹೋಗಿಲ್ಲ. ಹೊಸ ಸಂಹಿತೆಗೆ ವಿರುದ್ಧವಾಗಿ ಇಲ್ಲದಷ್ಟು ಮಟ್ಟಿಗೆ ಹಳೇ ಅಧಿಸೂಚನೆಗಳು ಮುಂದುವರಿಯುತ್ತವೆ ಅಂತ ಸಂಹಿತೆಯ 69ನೇ ಕಲಂ ಹೇಳುತ್ತದೆ. ಒಂದು ದೊಡ್ಡ ಬದಲಾವಣೆ ಮಾತ್ರ ನೆನಪಿರಲಿ. ಮೊದಲು ಸರ್ಕಾರದ ಅನುಸೂಚಿಯಲ್ಲಿ ಹೆಸರಿದ್ದ ಉದ್ಯೋಗಗಳಿಗೆ ಮಾತ್ರ ಕನಿಷ್ಠ ವೇತನ ಅನ್ವಯಿಸುತ್ತಿತ್ತು. "ನಮ್ಮ ಧಂದೆ ಪಟ್ಟಿಯಲ್ಲಿಲ್ಲ" ಅಂತ ಜಾರಿಕೊಳ್ಳಲು ಜಾಗ ಇತ್ತು. ಈಗ ಎಲ್ಲ ನೌಕರರಿಗೂ ಅನ್ವಯ.

ನಿಮ್ಮ ಸಾಲು ಹುಡುಕುವುದು

ದರದ ಪಟ್ಟಿ ನೋಡುವ ಮುಂಚೆ ಒಂದು ಪ್ರಶ್ನೆ ಬಗೆಹರಿಸಿಕೊಳ್ಳಿ: ನಿಮ್ಮ ಕೆಲಸಕ್ಕೆ ದರ ನಿಗದಿ ಮಾಡುವುದು ರಾಜ್ಯ ಸರ್ಕಾರವೋ ಕೇಂದ್ರ ಸರ್ಕಾರವೋ? ರೈಲ್ವೆ, ಗಣಿ, ಬ್ಯಾಂಕು, ವಿಮಾನ ನಿಲ್ದಾಣ, ಕೇಂದ್ರ ಸರ್ಕಾರದ ಸಂಸ್ಥೆಗಳು, ಇವೆಲ್ಲ ಕೇಂದ್ರದ ಕೆಳಗೆ ಬರುತ್ತವೆ. ಅಲ್ಲಿ ಗುತ್ತಿಗೆಯಲ್ಲಿ ಕೆಲಸ ಮಾಡುವವರೂ ಅಷ್ಟೇ. ಅವರಿಗೆ ಎ, ಬಿ, ಸಿ ಅಂತ ಪ್ರದೇಶಗಳಿವೆ. ಬೆಂಗಳೂರು ಎ ಪ್ರದೇಶ. ಅಲ್ಲಿ ತುಟ್ಟಿಭತ್ಯೆ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ವರ್ಷಕ್ಕೆ ಎರಡು ಸಲ ಬದಲಾಗುತ್ತದೆ. ಬ್ಯಾಂಕಿನ ಎಟಿಎಂ ಕಾಯುವ ಗಾರ್ಡ್‌ಗೂ ಅಪಾರ್ಟ್‌ಮೆಂಟ್ ಕಾಯುವ ಗಾರ್ಡ್‌ಗೂ ಒಂದೇ ಏಜೆನ್ಸಿ ಇರಬಹುದು, ದರ ಬೇರೆ ಆಗಬಹುದು. ನಮ್ಮ ಅಣ್ಣನದು ಅಪಾರ್ಟ್‌ಮೆಂಟ್. ಆದ್ದರಿಂದ ರಾಜ್ಯದ ದರ.

ರಾಜ್ಯದ ದರ ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕರ್ನಾಟಕದಲ್ಲಿ ಉದ್ಯೋಗಕ್ಕೆ ಒಂದರಂತೆ ಅಧಿಸೂಚನೆ ಬರುವ ಪದ್ಧತಿ ಇದೆ: ಸೆಕ್ಯುರಿಟಿ ಏಜೆನ್ಸಿಗೆ ಒಂದು, ಹೋಟೆಲಿಗೆ ಒಂದು, ಉಡುಪು ತಯಾರಿಕೆಗೆ ಒಂದು, ಹೀಗೆ. ಯಾವ ಪಟ್ಟಿಗೂ ಸೇರದ ಉದ್ಯೋಗಕ್ಕೆ ಅಂತಲೇ ಬೇರೆ ಪಟ್ಟಿಯೂ ಇದೆ. ನಿಮ್ಮ ಕೆಲಸಕ್ಕೆ ಹತ್ತಿರದ್ದನ್ನು ತೆರೆಯಿರಿ. ಒಳಗೆ ಒಂದು ಕೋಷ್ಟಕ ಇರುತ್ತದೆ. ಅಡ್ಡಕ್ಕೆ ವಲಯಗಳು, ಉದ್ದಕ್ಕೆ ಹುದ್ದೆಗಳು. ಎರಡೂ ಸೇರುವ ಚೌಕದಲ್ಲಿ ನಿಮ್ಮ ದರ.

ವಲಯದ ವಿಷಯದಲ್ಲಿ ಜನ ಎಡವುವುದು ಹೀಗೆ. ಏಜೆನ್ಸಿಯ ಆಫೀಸು ಸಣ್ಣ ಊರಿನಲ್ಲಿದೆ, ಅದಕ್ಕೆ ಕಡಿಮೆ ವಲಯದ ದರ ಅಂತ ಸೂಪರ್‌ವೈಸರ್ ಹೇಳುತ್ತಾರೆ. ಆಫೀಸು ಎಲ್ಲಾದರೂ ಇರಲಿ. ನೀವು ನಿಂತು ಕೆಲಸ ಮಾಡುವ ಜಾಗ ಯಾವ ವಲಯದಲ್ಲಿದೆ ಅನ್ನುವುದೇ ಲೆಕ್ಕ. ಸಾಮಾನ್ಯವಾಗಿ ಬೆಂಗಳೂರು ಮೊದಲ ವಲಯ, ಅದರ ಕೆಳಗೆ ಉಳಿದ ಮಹಾನಗರ ಪಾಲಿಕೆಗಳು, ಆಮೇಲೆ ಸಣ್ಣ ಊರುಗಳು. ಆದರೆ ಯಾವ ಊರು ಯಾವ ವಲಯ ಅನ್ನುವುದು ಎಲ್ಲ ಅಧಿಸೂಚನೆಗಳಲ್ಲೂ ಒಂದೇ ಥರ ಇರುವುದಿಲ್ಲ. ಕೋಷ್ಟಕದ ಜೊತೆಗೇ ವಲಯದ ವಿವರಣೆ ಕೊಟ್ಟಿರುತ್ತಾರೆ. ಅದನ್ನು ಓದದೆ ಅಂದಾಜು ಮಾಡಬೇಡಿ. ಹಳೇ ಅಧಿಸೂಚನೆಗಳಲ್ಲಿ ಬಿಬಿಎಂಪಿ ವ್ಯಾಪ್ತಿ ಅಂತಲೇ ಬರೆದಿರುತ್ತದೆ. ಈಗ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಆಗಿವೆ. ಊರಿನ ಬೋರ್ಡು ಬದಲಾಯಿತು ಅಂತ ದರ ಕೆಳಗಿಳಿಯುವುದಿಲ್ಲ.

ಇನ್ನು ಕೌಶಲ. ಅಕುಶಲ, ಅರೆಕುಶಲ, ಕುಶಲ, ಅತಿ ಕುಶಲ ಅಂತ ನಾಲ್ಕು ಮೆಟ್ಟಿಲು. ಹೇಳಿದ್ದನ್ನು ಎತ್ತಿ ಇಡುವ, ಗುಡಿಸುವ ಥರದ, ಕಲಿಕೆ ಬೇಡದ ಕೆಲಸ ಅಕುಶಲ. ಸ್ವಲ್ಪ ಅನುಭವ ಬೇಕು, ಆದರೆ ತೀರ್ಮಾನ ಇನ್ನೊಬ್ಬರದ್ದು ಅಂದರೆ ಅರೆಕುಶಲ. ಕೆಲಸ ಪೂರ್ತಿ ಗೊತ್ತಿದ್ದು, ತಾನೇ ಯೋಚನೆ ಮಾಡಿ ಮುಗಿಸಬಲ್ಲವರು ಕುಶಲರು. ಇನ್ನೊಬ್ಬರ ಕೆಲಸವನ್ನೂ ನೋಡಿಕೊಳ್ಳುವಷ್ಟು ಪಳಗಿದವರು ಅತಿ ಕುಶಲರು. ಈ ವ್ಯಾಖ್ಯೆಗಳ ಮೇಲೆ ಜಗಳ ಆಡುವ ಅಗತ್ಯ ಬಹಳ ಸಲ ಬೀಳುವುದಿಲ್ಲ. ಯಾಕಂದರೆ ಕೋಷ್ಟಕದಲ್ಲಿ ಹುದ್ದೆಯ ಹೆಸರನ್ನೇ ಬರೆದಿರುತ್ತಾರೆ. ಉದಾಹರಣೆಗೆ ಕೇಂದ್ರದ ಪಟ್ಟಿಯಲ್ಲಿ ಬಂದೂಕು ಇರುವ ಗಾರ್ಡ್‌ಗೆ ಒಂದು ದರ, ಬಂದೂಕು ಇಲ್ಲದವರಿಗೆ ಇನ್ನೊಂದು.

ಜಗಳ ಬರುವುದು ಚೀಟಿಯಲ್ಲಿ ಒಂದು ಹುದ್ದೆ, ಮಾಡಿಸುವುದು ಇನ್ನೊಂದು ಕೆಲಸ ಆದಾಗ. ಹೆಲ್ಪರ್ ಅಂತ ಬರೆದು ಮಿಷಿನ್ ಮೇಲೆ ಕೂರಿಸುತ್ತಾರೆ. ಗಾರ್ಡ್ ಅಂತ ಬರೆದು ಸಂಜೆ ಡಿಜಿ ಸೆಟ್, ಪಂಪು ಎಲ್ಲ ನೋಡಿಕೊ ಅನ್ನುತ್ತಾರೆ. ಇಂಥದ್ದಕ್ಕೆ ಸಂಹಿತೆಯ 11ನೇ ಕಲಂ ಇದೆ. ಎರಡು ದರದ ಕೆಲಸ ಮಾಡಿದರೆ, ಒಂದೊಂದಕ್ಕೆ ಎಷ್ಟು ಹೊತ್ತು ಹೋಯಿತೋ ಅಷ್ಟಷ್ಟಕ್ಕೆ ಆಯಾ ದರ ಕೊಡಬೇಕು. ಅದಕ್ಕೆ ಹುದ್ದೆಯ ಹೆಸರಿಗಿಂತ ದಿನದಲ್ಲಿ ಏನೇನು ಮಾಡಿದಿರಿ ಅನ್ನುವ ಟಿಪ್ಪಣಿ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಹೊಸ ದರ ನಿಗದಿ ಮಾಡಲು ಸರ್ಕಾರಕ್ಕೆ ಎರಡು ದಾರಿ ಇವೆ: ಸಮಿತಿ ಮಾಡಿ ಅದರ ಶಿಫಾರಸು ತೆಗೆದುಕೊಳ್ಳುವುದು, ಇಲ್ಲವೇ ಕರಡು ಪ್ರಕಟಿಸಿ ಕನಿಷ್ಠ ಎರಡು ತಿಂಗಳು ಆಕ್ಷೇಪಣೆಗೆ ಕೊಡುವುದು. ಕರ್ನಾಟಕ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ್ದು ಅಂಥ ಒಂದು ಕರಡು. ನನ್ನ ಫೋನಿಗೂ ಅದರ ದರಪಟ್ಟಿ "ಇಂದಿನಿಂದ ಜಾರಿ" ಅನ್ನುವ ತಲೆಬರಹದಲ್ಲಿ ಬಂದಿತ್ತು. ಕರಡಿನ ದರ ಕೇಳಿಕೊಂಡು ಕ್ಲೇಮ್ ಹಾಕಿದರೆ ನಿಲ್ಲುವುದಿಲ್ಲ. ಪಿಡಿಎಫ್ ತೆರೆದಾಗ ಮೇಲೆ "ಕರಡು" ಅನ್ನುವ ಪದ ಇದೆಯಾ, ಜಾರಿಗೆ ಬರುವ ದಿನಾಂಕ ಇದೆಯಾ ಅಂತ ನೋಡಿ. ನೀವು ಕೇಳುತ್ತಿರುವ ತಿಂಗಳಿನಲ್ಲಿ ಜಾರಿಯಲ್ಲಿದ್ದ ಅಂತಿಮ ಅಧಿಸೂಚನೆಯೇ ಬೇಕು.

ತುಟ್ಟಿಭತ್ಯೆ ಎಂಬ ಅರ್ಧ ಭಾಗ

ಅಧಿಸೂಚನೆಯಲ್ಲಿ ಇರುವುದು ಮೂಲ ದರ. ಅದರ ಮೇಲೆ ಬೆಲೆಗೆ ತಕ್ಕಂತೆ ಏರುವ ತುಟ್ಟಿಭತ್ಯೆ ಇದೆ. ಆಫೀಸುಗಳಲ್ಲಿ ವಿಡಿಎ ಅಂತಾರೆ. ಎರಡೂ ಸೇರಿದರೇ ಕನಿಷ್ಠ ವೇತನ. ಕರ್ನಾಟಕದಲ್ಲಿ ಇದು ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಹಿಂದಿನ ವರ್ಷದ ಬೆಲೆ ಸೂಚ್ಯಂಕದ ಸರಾಸರಿ ಎಷ್ಟು ಪಾಯಿಂಟ್ ಏರಿತು ಅಂತ ನೋಡಿ, ಪಾಯಿಂಟಿಗೆ ದಿನಕ್ಕೆ ಇಷ್ಟು ಪೈಸೆ ಅಂತ ಸೇರಿಸುತ್ತಾರೆ.

ಪೈಸೆ ಅಂದರೆ ನಗು ಬರುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಪಾಯಿಂಟಿಗೆ 4 ಪೈಸೆ, ಸೂಚ್ಯಂಕ 348 ಪಾಯಿಂಟ್ ಏರಿತು ಅಂತ ಇಟ್ಟುಕೊಂಡರೆ ದಿನಕ್ಕೆ 13 ರೂಪಾಯಿ 92 ಪೈಸೆ. ಮೂವತ್ತು ದಿನಕ್ಕೆ 417 ರೂಪಾಯಿ 60 ಪೈಸೆ. 2020ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ ಬರಬೇಕಿದ್ದದ್ದು ಸುಮಾರು ಇಷ್ಟೇ, 417 ರೂಪಾಯಿ. ಕೊರೊನಾ ಕಾಲ ಅಂತ ಸರ್ಕಾರ ಆ ಏರಿಕೆಯನ್ನು ಮುಂದಕ್ಕೆ ಹಾಕಿ ಆದೇಶ ಮಾಡಿತು. ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆದರೂ ಹಲವು ಕಾರ್ಖಾನೆಗಳು ಕೊಡಲಿಲ್ಲ. ಕಾರ್ಮಿಕ ಸಂಘಗಳು ಬೆನ್ನುಬಿದ್ದ ಮೇಲೆ ಕೆಲವು ದೊಡ್ಡ ಕಾರ್ಖಾನೆಗಳಿಂದ ಬಾಕಿ ಹೊರಬಂದದ್ದು 2022ರಲ್ಲಿ. ಒಬ್ಬರಿಗೆ 417 ಆದರೂ ಸಾವಿರಾರು ಜನಕ್ಕೆ, ತಿಂಗಳುಗಟ್ಟಲೆ. ಯಾಕೆ ಅಷ್ಟು ಗಲಾಟೆ ಆಯಿತು ಅಂತ ಆಗ ತಿಳಿಯುತ್ತದೆ.

ಮಾಲೀಕರ ಕಡೆಯ ಒಂದು ಮಾತೂ ನ್ಯಾಯವಾದದ್ದೇ. ಅದನ್ನೂ ಹೇಳಿಬಿಡುತ್ತೇನೆ. ಅವರು ಕೊಡುವ ವೇತನ ಈಗಾಗಲೇ ಮೂಲ ದರ ಮತ್ತು ತುಟ್ಟಿಭತ್ಯೆ ಎರಡನ್ನೂ ಸೇರಿಸಿದ್ದಕ್ಕಿಂತ ಜಾಸ್ತಿ ಇದ್ದರೆ, ಅದರ ಮೇಲೆ ಬೇರೆ ತುಟ್ಟಿಭತ್ಯೆ ಕೇಳಲು ಬರುವುದಿಲ್ಲ. ಏರ್‌ಫ್ರೈಟ್ ಕಂಪನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಹೀಗಂತ ಹೇಳಿದೆ. ಕನಿಷ್ಠ ವೇತನ ಒಂದೇ ಗಂಟು, ಅದನ್ನು ಬಿಡಿಸಿ ಎರಡು ಕಡೆ ಕೇಳಬಾರದು ಅಂತ.

ಚೀಟಿಯನ್ನು ದರದ ಪಕ್ಕ ಇಟ್ಟಾಗ

ಈಗ ನಮ್ಮ ಅಣ್ಣನ ಲೆಕ್ಕ. ಬಾಯಿಲೆಕ್ಕಕ್ಕೆ ಸುಲಭ ಆಗಲಿ ಅಂತ ದರವನ್ನು ದುಂಡು ಮಾಡಿಕೊಂಡಿದ್ದೇನೆ: ಮೂಲ 12,000, ತುಟ್ಟಿಭತ್ಯೆ 3,600, ಒಟ್ಟು ತಿಂಗಳಿಗೆ 15,600. ನೀವು ಮಾಡುವಾಗ ನಿಮ್ಮ ಅಧಿಸೂಚನೆಯ ಅಂಕಿ ಹಾಕಿ.

ಏಜೆನ್ಸಿ ಹೇಳುವುದು 16,000. 15,600ಕ್ಕಿಂತ ಜಾಸ್ತಿಯೇ ಇದೆ, ಸರಿಯಾಗಿದೆ ಅಂತ ಕಾಣುತ್ತದೆ. ಇಲ್ಲಿಯೇ ಕೈಚಳಕ ಇರುವುದು. ಮಾಲೀಕರು ಕಟ್ಟುವ ಪಿಎಫ್ ಪಾಲು ವೇತನ ಅಲ್ಲ. ಬೋನಸ್ ವೇತನ ಅಲ್ಲ. ಯೂನಿಫಾರ್ಮಿನಂಥ ಕೆಲಸದ ಖರ್ಚಿಗೆ ಕೊಡುವ ದುಡ್ಡೂ ವೇತನ ಅಲ್ಲ. ಸಂಹಿತೆಯ ವ್ಯಾಖ್ಯೆಯಲ್ಲೇ ಇವನ್ನು ಹೊರಗಿಟ್ಟಿದ್ದಾರೆ. ಮೂರನ್ನೂ ಕಳೆದರೆ ಉಳಿಯುವುದು 13,000. ಇದನ್ನು 15,600ರ ಪಕ್ಕ ಇಡಿ. ಕೊರತೆ ತಿಂಗಳಿಗೆ 2,600.

ಕೈಗೆ ಬಂದ 11,342 ತೆಗೆದುಕೊಂಡು ಹೋಲಿಸುವುದು ಇನ್ನೊಂದು ಥರದ ತಪ್ಪು. ನೌಕರರ ಪಾಲಿನ ಪಿಎಫ್, ಇಎಸ್‌ಐ ಕಾನೂನುಬದ್ಧ ಕಡಿತ. ಕಡಿತಕ್ಕೆ ಮುಂಚಿನ ಅಂಕಿ ಹಿಡಿದೇ ಹೋಲಿಸಬೇಕು. ಅರ್ಜಿಯಲ್ಲಿ 11,342 ಅಂತ ಬರೆದರೆ ಇಡೀ ಲೆಕ್ಕದ ಮೇಲೇ ಅನುಮಾನ ಬರುತ್ತದೆ. ಹಾಗೆಯೇ, ಕಡಿತ ಮಾಡಿದ ಪಿಎಫ್ ನಿಜವಾಗಲೂ ಖಾತೆಗೆ ಬಿದ್ದಿದೆಯಾ ಅಂತ ಪಾಸ್‌ಬುಕ್ ನೋಡಿ. ಬಿದ್ದಿಲ್ಲದಿದ್ದರೆ ಅದು ಪಿಎಫ್ ಆಫೀಸಿಗೆ ಬೇರೆ ದೂರು.

ಈಗ ದೊಡ್ಡ ಮೊತ್ತಕ್ಕೆ ಬರೋಣ. ಅಣ್ಣನ ಪಾಳಿ ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. ಹನ್ನೆರಡು ಗಂಟೆ. ಊಟ, ಚಹಾಕ್ಕೆ ಅಂತ ಒಂದು ಗಂಟೆ ಕಳೆದುಬಿಟ್ಟೆವು. ಗೇಟು ಬಿಟ್ಟು ಅವರು ಎಲ್ಲೂ ಹೋಗುವುದಿಲ್ಲ, ನಿಜ. ಆದರೂ ಲೆಕ್ಕ ಬಿಗಿಯಾಗಿರಲಿ, ಎದುರಿನವರಿಗೆ ಎಳೆದಾಡಲು ದಾರ ಸಿಗದಿರಲಿ ಅಂತ. ಉಳಿದದ್ದು ಹನ್ನೊಂದು. ಅದರಲ್ಲಿ ಎಂಟು ಗಂಟೆ ಮಾಮೂಲಿ ದಿನ, ಮೂರು ಗಂಟೆ ಓಟಿ. ಓಟಿಗೆ ಮಾಮೂಲಿ ದರದ ಎರಡು ಪಟ್ಟು ಕೊಡಬೇಕು ಅಂತ 14ನೇ ಕಲಂ.

15,600ನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 600. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 75. ಎರಡು ಪಟ್ಟು ಅಂದರೆ 150. ದಿನಕ್ಕೆ ಮೂರು ಗಂಟೆಯಂತೆ 26 ದಿನಕ್ಕೆ 78 ಗಂಟೆ. 78 ಗುಣಿಸು 150, ಅಂದರೆ 11,700 ರೂಪಾಯಿ. ಏಜೆನ್ಸಿ ಓಟಿ ಅಂತ ಕೊಟ್ಟದ್ದು ಸೊನ್ನೆ. "ಹನ್ನೆರಡು ಗಂಟೆ ಡ್ಯೂಟಿಗೇ ಈ ಸಂಬಳ ಅಂತ ಮೊದಲೇ ಹೇಳಿದ್ವಿ" ಅನ್ನುವುದು ಅವರ ವಾದ.

ಎರಡೂ ಕೂಡಿದರೆ ತಿಂಗಳಿಗೆ 14,300 ಬಾಕಿ. ಅವರಿಗೆ ಸಿಗುತ್ತಿದ್ದದ್ದಕ್ಕಿಂತ ಸಿಗದೆ ಹೋದದ್ದೇ ಜಾಸ್ತಿ. ಹತ್ತು ತಿಂಗಳಿಗೆ 1,43,000. ಕಾಗದದ ಮೇಲೆ ಈ ಅಂಕಿ ಬರೆದು ತೋರಿಸಿದಾಗ ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಗುಣಾಕಾರ ಇನ್ನೊಮ್ಮೆ ಮಾಡ್ರಿ ಸರ್" ಅಂದರು.

ಒಪ್ಪಿಕೊಂಡು ಸಹಿ ಹಾಕಿದ್ದೀನಲ್ಲ, ಈಗ ಕೇಳಬಹುದಾ ಅಂತ ಬಹಳ ಜನಕ್ಕೆ ಹಿಂಜರಿಕೆ. ಕೇಳಬಹುದು. ಕನಿಷ್ಠಕ್ಕಿಂತ ಕಡಿಮೆ ತೆಗೆದುಕೊಳ್ಳುತ್ತೇನೆ ಅನ್ನುವ ಒಪ್ಪಂದಕ್ಕೆ ಬೆಲೆಯೇ ಇಲ್ಲ, 60ನೇ ಕಲಂ ಪ್ರಕಾರ ಅದು ರದ್ದಿ. ದೆಹಲಿಯ ಏಷ್ಯನ್ ಗೇಮ್ಸ್ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲೇ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ಹೇಳಿದೆ. ಹಸಿವಿನಿಂದ ಒಪ್ಪಿಕೊಂಡದ್ದು ಒಪ್ಪಿಗೆ ಅಲ್ಲ ಅನ್ನುವುದು ಆ ತೀರ್ಪಿನ ತಿರುಳು.

ದೂರು ಕೊಡುವ ಮುಂಚೆ ಕೂಡಿಡಬೇಕಾದ್ದು

ಸಂಹಿತೆಯ 59ನೇ ಕಲಂ ಕಾರ್ಮಿಕರ ಪರ ಒಂದು ಒಳ್ಳೆ ಆಸರೆ ಕೊಡುತ್ತದೆ. ವೇತನ ಕಡಿಮೆ ಕೊಟ್ಟಿದ್ದಾರೆ ಅಂತ ಕ್ಲೇಮ್ ಹಾಕಿದರೆ, ಪೂರ್ತಿ ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದ್ದು. ಆದರೆ ನೀವು ಅಲ್ಲಿ ಕೆಲಸ ಮಾಡಿದ್ದೀರಿ, ಅಷ್ಟು ಹೊತ್ತು ಮಾಡಿದ್ದೀರಿ ಅನ್ನುವುದಕ್ಕೆ ನಿಮ್ಮ ಹತ್ತಿರ ಏನಾದರೂ ಬೇಕು. "ಇವರು ನಮ್ಮವರೇ ಅಲ್ಲ" ಅನ್ನುವುದು ಏಜೆನ್ಸಿಗಳ ಮೊದಲ ಉತ್ತರ.

ನಾವು ಕೂಡಿಸಿದ್ದು ಇಷ್ಟು. ಸಂಬಳ ಜಮಾ ಆದ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಪಿಎಫ್ ಪಾಸ್‌ಬುಕ್, ಅದರಲ್ಲಿ ಏಜೆನ್ಸಿಯ ಹೆಸರೂ ವೇತನದ ಅಂಕಿಯೂ ಇರುತ್ತದೆ, ಹಾಗಾಗಿ ನಮ್ಮವರೇ ಅಲ್ಲ ಅನ್ನಲು ಬರುವುದಿಲ್ಲ. ಗುರುತಿನ ಚೀಟಿಯ ಫೋಟೊ. ಪಾಳಿ ಹಂಚುವ ವಾಟ್ಸಾಪ್ ಗುಂಪಿನ ಸಂದೇಶಗಳು. ಗೇಟಿನ ಹಾಜರಿ ಪುಸ್ತಕದ ಪುಟಗಳ ಫೋಟೊ, ಬಂದ ಹೊತ್ತು ಹೋದ ಹೊತ್ತು ಕಾಣುವ ಹಾಗೆ. ಇವುಗಳ ಜೊತೆ ಒಂದು ನೋಟ್‌ಬುಕ್: ತಾರೀಕು, ಪಾಳಿ ಶುರು, ಪಾಳಿ ಮುಗಿದದ್ದು. ದಿನಾ ಅವತ್ತವತ್ತೇ ಬರೆದದ್ದಕ್ಕೆ ಬೆಲೆ ಜಾಸ್ತಿ. ಒಂದೇ ಪೆನ್ನಿನಲ್ಲಿ ಒಂದೇ ಸಲ ಹತ್ತು ತಿಂಗಳದ್ದು ಬರೆದರೆ ಯಾರಿಗಾದರೂ ಗೊತ್ತಾಗುತ್ತದೆ.

ಕೆಲವು ಕಡೆ ಇನ್ನೊಂದು ಆಟ ನಡೆಯುತ್ತದೆ. ಬ್ಯಾಂಕಿಗೆ ಪೂರ್ತಿ ಕನಿಷ್ಠ ವೇತನ ಹಾಕುತ್ತಾರೆ. ಮಾರನೇ ದಿನ ಸೂಪರ್‌ವೈಸರ್ ಬಂದು ಎರಡು ಸಾವಿರ ವಾಪಸ್ ಕೊಡು ಅನ್ನುತ್ತಾರೆ. ಕಾಗದದಲ್ಲಿ ಎಲ್ಲ ಸರಿಯಾಗಿರುತ್ತದೆ. ಇದನ್ನು ಹಿಡಿಯುವುದು ಕಷ್ಟ, ಆದರೆ ಸಂಬಳ ಬಿದ್ದ ಮರುದಿನವೇ ಎಲ್ಲರ ಖಾತೆಯಿಂದ ಒಂದೇ ಮೊತ್ತ ಡ್ರಾ ಆಗಿರುವುದು, ಅಥವಾ ಫೋನ್‌ಪೇಯಲ್ಲಿ ಒಂದೇ ನಂಬರಿಗೆ ಹೋಗಿರುವುದು ನಾಲ್ಕೈದು ಜನರ ಪಾಸ್‌ಬುಕ್ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ.

ಎಲ್ಲಿಗೆ ಹೋಗಬೇಕು

ಎರಡು ಬಾಗಿಲು ಇವೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ದೂರು. ನಿಮ್ಮ ಪ್ರದೇಶದ ಕಾರ್ಮಿಕ ನಿರೀಕ್ಷಕರು ಅಥವಾ ಕಾರ್ಮಿಕ ಅಧಿಕಾರಿಗೆ ಕೊಡುವುದು. ಹೊಸ ಸಂಹಿತೆಯಲ್ಲಿ ನಿರೀಕ್ಷಕರ ಹೆಸರು ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್ ಆಗಿದೆ. ಅವರು ದಾಖಲೆ ತರಿಸಿ ನೋಡಬಹುದು, ಮಾಲೀಕರನ್ನು ಕರೆಸಬಹುದು. ಯಾವ ಆಫೀಸು ಅಂತ ಗೊತ್ತಾಗದಿದ್ದರೆ ಇಲಾಖೆಯ ಸಹಾಯವಾಣಿ 155214ಕ್ಕೆ ಫೋನ್ ಮಾಡಿ ಕೇಳಿ. ಕೇಂದ್ರದ ವ್ಯಾಪ್ತಿಯ ಕೆಲಸ ಆಗಿದ್ದರೆ ಕೇಂದ್ರದ ಪ್ರಾದೇಶಿಕ ಕಾರ್ಮಿಕ ಆಯುಕ್ತರ ಕಚೇರಿ. ದೂರು ಒಂದು ಪುಟ ದಾಟದಿರಲಿ:

> ನಾನು ಇಂಥ ಏಜೆನ್ಸಿಯ ಮೂಲಕ ಇಂಥ ಜಾಗದಲ್ಲಿ ಇಂಥ ತಾರೀಕಿನಿಂದ ಗಾರ್ಡ್ ಆಗಿ ಕೆಲಸ ಮಾಡುತ್ತಿದ್ದೇನೆ. ಈ ಜಾಗ ಇಂಥ ವಲಯದಲ್ಲಿದೆ. ಇಂಥ ಅಧಿಸೂಚನೆ ಪ್ರಕಾರ ತಿಂಗಳಿಗೆ 15,600 ಬರಬೇಕು. ಕೊಡುತ್ತಿರುವುದು 13,000. ದಿನಕ್ಕೆ ಹನ್ನೆರಡು ಗಂಟೆ ಪಾಳಿ ಇದ್ದರೂ ಓಟಿ ಕೊಟ್ಟಿಲ್ಲ. ತಿಂಗಳವಾರು ಲೆಕ್ಕ ಮತ್ತು ದಾಖಲೆಗಳನ್ನು ಲಗತ್ತಿಸಿದ್ದೇನೆ. ದಾಖಲೆ ಪರಿಶೀಲಿಸಿ ಬಾಕಿ ಕೊಡಿಸಬೇಕಾಗಿ ಕೋರುತ್ತೇನೆ.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡು ವಾಪಸ್ ತನ್ನಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ಅಲ್ಲಿ ವಾದ ಬೇಡ, ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ದೂರಿನಲ್ಲಿ ಏಜೆನ್ಸಿಯನ್ನಷ್ಟೇ ಹೆಸರಿಸಬೇಡಿ, ಕೆಲಸ ಮಾಡಿಸಿಕೊಳ್ಳುವ ಸಂಘ ಅಥವಾ ಕಂಪನಿಯನ್ನೂ ಸೇರಿಸಿ. ಗುತ್ತಿಗೆದಾರ ಕೊಡದಿದ್ದರೆ ಸಂಸ್ಥೆಯ ಒಡೆತನ ಇರುವವರು ಕೊಡಬೇಕು ಅಂತ 43ನೇ ಕಲಂ ಹೇಳುತ್ತದೆ. ನಮ್ಮಲ್ಲಿ ಅಪಾರ್ಟ್‌ಮೆಂಟ್ ಸಂಘದ ಹೆಸರು ಬರುತ್ತದೆ ಅಂತ ಗೊತ್ತಾದ ದಿನವೇ ಸಂಘದ ಸಭೆಯಲ್ಲಿ ಏಜೆನ್ಸಿಯ ಬಿಲ್ಲು ಹೊರಬಂತು. ನಾನೂ ಆ ಸಭೆಯಲ್ಲಿ ಕೂತವನೇ. ತಿಂಗಳ ಮೆಂಟೆನೆನ್ಸ್ ಇನ್ನೂರು ರೂಪಾಯಿ ಏರಬಾರದು ಅಂತ ಎಲ್ಲಕ್ಕಿಂತ ಕಡಿಮೆ ಕೊಟೇಶನ್ ಆರಿಸಿದ್ದು ನಾವೇ.

ಎರಡನೆಯ ಬಾಗಿಲು ಕ್ಲೇಮ್ ಅರ್ಜಿ, 45ನೇ ಕಲಂ ಕೆಳಗೆ. ನಿರೀಕ್ಷಕರ ಮಾತಿಗೆ ಮಾಲೀಕರು ಬಗ್ಗದಿದ್ದರೆ ದುಡ್ಡು ಕೊಡಿಸುವ ಅಧಿಕಾರ ಇರುವುದು ಇಲ್ಲಿ. ಸರ್ಕಾರ ನೇಮಿಸಿದ ಗೆಜೆಟೆಡ್ ಅಧಿಕಾರಿ ಇದನ್ನು ವಿಚಾರಣೆ ಮಾಡುತ್ತಾರೆ. ನಿಮ್ಮ ಪ್ರದೇಶಕ್ಕೆ ಯಾರು ಅಂತ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲೇ ಹೇಳುತ್ತಾರೆ. ನೀವೇ ಹಾಕಬಹುದು, ನೋಂದಾಯಿತ ಯೂನಿಯನ್ ಹಾಕಬಹುದು, ನಿರೀಕ್ಷಕರೂ ಹಾಕಬಹುದು. ಒಂದೇ ಜಾಗದ ಎಷ್ಟೇ ಜನ ಸೇರಿ ಒಂದೇ ಅರ್ಜಿ ಹಾಕಬಹುದು. ಒಬ್ಬರೇ ನಿಂತರೆ ಮರುದಿನ ಬೇರೆ ಸೈಟಿಗೆ ಎತ್ತಂಗಡಿ. ಎಂಟು ಜನ ಒಟ್ಟಿಗೆ ಸಹಿ ಹಾಕಿದರೆ ಗೇಟು ಕಾಯಲು ಅವತ್ತು ಯಾರೂ ಇರುವುದಿಲ್ಲ ಅನ್ನುವುದು ಏಜೆನ್ಸಿಗೂ ಗೊತ್ತು.

ಗಡುವು ಮೂರು ವರ್ಷ. ಹಳೇ ಕಾಯ್ದೆಯಲ್ಲಿ ಇದು ಬರೀ ಆರು ತಿಂಗಳು ಇತ್ತು. ನಿಮ್ಮ ಬಾಕಿಯಲ್ಲಿ 2025ರ ನವೆಂಬರ್ 21ಕ್ಕೆ ಮುಂಚಿನ ತಿಂಗಳುಗಳೂ ಇದ್ದರೆ, ಎದುರಿನವರು ಹಳೇ ಆರು ತಿಂಗಳ ಮಾತು ಎತ್ತಬಹುದು. ಅದಕ್ಕೆ ಆ ತಿಂಗಳುಗಳ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಮಾಡಿ, ತಡ ಯಾಕಾಯಿತು ಅಂತ ಎರಡು ಸಾಲು ಕಾರಣ ಬರೆಯಿರಿ. ಹೊಸ ಬಾಕಿ ಅದರ ಜೊತೆ ಸಿಕ್ಕಿಹಾಕಿಕೊಳ್ಳದಿರಲಿ.

ಅರ್ಜಿ ಹಾಕಿದ ಮೇಲೆ

ವಿಚಾರಣೆ ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನ ಮಾಡಬೇಕು ಅಂತ ಕಾನೂನು ಹೇಳುತ್ತದೆ. ಪ್ರಯತ್ನ ಅನ್ನುವ ಪದ ಗಮನಿಸಿ. ದಿನಾಂಕಗಳು ಮುಂದಕ್ಕೆ ಹೋಗುತ್ತವೆ. ಒಂದು ದಿನ ನೀವು ಹೋಗದಿದ್ದರೆ ಅರ್ಜಿ ಬಿದ್ದುಹೋಗಬಹುದು, ಆದ್ದರಿಂದ ರಾತ್ರಿ ಪಾಳಿ ಇದ್ದರೂ ಆ ಬೆಳಗ್ಗೆ ಹೋಗಲೇಬೇಕು. ಮೂರು ಜನ ಸೇರಿ ಹಾಕಿದ್ದರೆ ಸರದಿ ಮಾಡಿಕೊಳ್ಳಿ.

ಅಧಿಕಾರಿಗೆ ನಿಮ್ಮ ಬಾಕಿ ಸತ್ಯ ಅನಿಸಿದರೆ ಆ ಮೊತ್ತದ ಜೊತೆಗೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಹತ್ತು ಪಟ್ಟು ಅನ್ನುವುದು ಮೇಲಿನ ಮಿತಿ. ಎಷ್ಟು ಅನ್ನುವುದು ಅವರ ವಿವೇಚನೆ, ಅಷ್ಟೂ ಸಿಗುತ್ತದೆ ಅಂತ ಮನೆಯಲ್ಲಿ ಹೇಳಿಬಿಡಬೇಡಿ. ಆದೇಶ ಆದ ಮೇಲೂ ಕೊಡದಿದ್ದರೆ ಅಧಿಕಾರಿ ಜಿಲ್ಲಾಧಿಕಾರಿಗೆ ವಸೂಲಿ ಪತ್ರ ಕಳಿಸುತ್ತಾರೆ, ಭೂಕಂದಾಯದ ಬಾಕಿ ವಸೂಲಿ ಮಾಡುವ ಹಾಗೇ ವಸೂಲಿ ಮಾಡುತ್ತಾರೆ. ಆದೇಶ ಒಪ್ಪಿಗೆ ಇಲ್ಲದವರು 90 ದಿನದೊಳಗೆ ಮೇಲ್ಮನವಿ ಹಾಕಬಹುದು. ಅದು ನಿಮಗೂ ಇದೆ, ಅವರಿಗೂ ಇದೆ.

ದಂಡ ಬೇರೆ ವಿಷಯ. ಕಡಿಮೆ ಕೊಟ್ಟ ತಪ್ಪಿಗೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಈ ದಂಡದ ದುಡ್ಡು ನಿಮಗೆ ಬರುವುದಿಲ್ಲ. ಕೆಲವರು ದಂಡ ಹಾಕಿಸುವುದರಲ್ಲೇ ಕಾಲ ಕಳೆದು ಕ್ಲೇಮ್ ಮರೆಯುತ್ತಾರೆ. ಬಾಕಿ ಬೇಕು ಅಂದರೆ 45ರ ಅರ್ಜಿಯೇ ದಾರಿ.

ದೂರು ಕೊಟ್ಟದ್ದಕ್ಕೆ ಕೆಲಸದಿಂದ ತೆಗೆದರೆ ಅದು ಕೈಗಾರಿಕಾ ವಿವಾದ. ಅದೇ ಇಲಾಖೆಯಲ್ಲಿ ಸಂಧಾನಕ್ಕೆ ಬೇರೆ ಅರ್ಜಿ ಹಾಕಬೇಕು. ಎರಡನ್ನೂ ಒಂದೇ ಕಾಗದದಲ್ಲಿ ಬರೆಯಬೇಡಿ. ತೆಗೆದ ದಿನವೇ "ನಾನು ಕೆಲಸಕ್ಕೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ" ಅಂತ ವಾಟ್ಸಾಪ್‌ನಲ್ಲಾದರೂ ಸಂದೇಶ ಹಾಕಿ. ಇಲ್ಲದಿದ್ದರೆ "ಅವರೇ ಬಿಟ್ಟು ಹೋದರು" ಅಂತ ಬರೆಯುತ್ತಾರೆ.

ಬಹಳ ಪ್ರಕರಣ ಆದೇಶದವರೆಗೆ ಹೋಗುವುದೇ ಇಲ್ಲ, ಮಧ್ಯದಲ್ಲಿ ರಾಜಿಗೆ ಬರುತ್ತಾರೆ. ನಮ್ಮ ಅಣ್ಣನಿಗೂ ಹಾಗೇ ಆಯಿತು. ಎರಡನೇ ದಿನಾಂಕಕ್ಕೆ ಏಜೆನ್ಸಿಯವರು ಒಂದು ವೋಚರ್ ಹಿಡಿದುಕೊಂಡು ಬಂದರು. ಮೊತ್ತದ ಜಾಗ ಖಾಲಿ, ಕೆಳಗೆ "ನನಗೆ ಬರಬೇಕಾದ ಎಲ್ಲ ಬಾಕಿ ಸಂದಾಯವಾಗಿದೆ" ಅಂತ ಅಚ್ಚು. ಅಣ್ಣ ಪೆನ್ನು ತೆಗೆದುಕೊಂಡರು, ಸಹಿ ಹಾಕಲಿಲ್ಲ. ಮೊದಲು ಮೊತ್ತ ತುಂಬಿದರು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಕೊರತೆ ಎಷ್ಟು, ಓಟಿ ಎಷ್ಟು ಅಂತ ಬೇರೆ ಬೇರೆ ಬರೆದರು. ಅಚ್ಚಾಗಿದ್ದ ಸಾಲಿನ ಮೇಲೆ ಅಡ್ಡಗೆರೆ ಎಳೆದರು. ಅಧಿಕಾರಿಯ ಮುಂದೆ ದುಡ್ಡು ಖಾತೆಗೆ ಬಿದ್ದ ಮೆಸೇಜು ನೋಡಿಯೇ ಸಹಿ ಹಾಕಿದ್ದು. ಮೊತ್ತ ಪೂರ್ತಿ 1,43,000 ಇರಲಿಲ್ಲ, ಓಟಿಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟರು. ಮಗಳ ಕಾಲೇಜು ಫೀಸಿನ ಕೊನೇ ದಿನ ಹತ್ತಿರ ಇತ್ತು. ಮುಂದಿನ ತಿಂಗಳಿನಿಂದ ಗೇಟಿನಲ್ಲಿ ಎಂಟು ಗಂಟೆಯ ಮೂರು ಪಾಳಿ ಆಗಿದೆ, ನಮ್ಮ ಮೆಂಟೆನೆನ್ಸೂ ಏರಿದೆ.